ಪದ ಬೇಕು: ಎಂ.ಜಿ.ಯು.ಎಸ್.ಗೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರ ಅಚ್ಚಿಗೆ ಹೋಗುತ್ತೆ

ಸುಮಾ, ಮೈಸೂರು

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಕ್ಲಿನಿಕ್‌ನವರು ರೋಗಿಗಳ ಕೈಗೆ ಕೊಡಲು ಕಾರ್ಡ್ ಮಾಡಿಸುತ್ತಿದ್ದಾರೆ. ಅನುವಾದ ನನ್ನ ಪಾಲಿಗೆ ಬಂದಿದೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ: ಮಾನೊಕ್ಲೋನಲ್ ಗ್ಯಾಮೊಪತಿ ಆಫ್ ಅನ್‌ಡಿಟರ್ಮಿನ್ಡ್ ಸಿಗ್ನಿಫಿಕೆನ್ಸ್. ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ‘ಎಂ ಪ್ರೋಟೀನ್’ ಅನ್ನೋದು ಸ್ವಲ್ಪ ಕಾಣಿಸಿಕೊಂಡರೆ ಈ ಹೆಸರು ಬರೆಯುತ್ತಾರಂತೆ. ಔಷಧಿ ಏನೂ ಇಲ್ಲ, ಆದರೆ ಬಹಳ ವರ್ಷ ಪರೀಕ್ಷೆಗೆ ಬರುತ್ತಿರಬೇಕು.

ನಾನು ‘ಅನಿಶ್ಚಿತ ಮಹತ್ವದ ಏಕತದ್ರೂಪಿ ಗ್ಯಾಮೊಪತಿ’ ಅಂತ ಬರೆದೆ. ನಿನ್ನೆ ಹಾಲು ತರಲು ಹೋದಾಗ ಬೂತ್‌ನವರಿಗೆ ತೋರಿಸಿದೆ. ಎರಡು ಸಲ ಓದಿ, “ಮಹತ್ವ ಇಲ್ಲ ಅಂತ ತಾನೇ ಮೇಡಂ? ಮತ್ತೆ ಕಾರ್ಡ್ ಯಾಕೆ?” ಅಂದರು. ಅಲ್ಲಿಗೆ ನನ್ನ ಅನುವಾದ ಮುಗಿಯಿತು. ಯಾರಾದರೂ ದಾರಿ ತೋರಿಸಿ.

ಪುಟ್ಟಸ್ವಾಮಿ, ಮಂಡ್ಯ

‘ಏಕತದ್ರೂಪಿ’ಯನ್ನು ಮೊದಲು ಕಿತ್ತುಹಾಕಿ. ಓದೋಕೆ ನಾಲಿಗೆ ತೊಡರುತ್ತೆ. ಕ್ಲೋನ್ ಅನ್ನೋದು ಗ್ರೀಕಿನ ಕಡ್ಡಿ, ರೆಂಬೆ. ನೆಟ್ಟರೆ ಚಿಗುರುವ ತುಂಡು. ಅದನ್ನು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿ.ಸಿ. ಫಾರಂನಿಂದ ಬಿತ್ತನೆ ಕಬ್ಬು ತಂದು ಕಣ್ಣು ನೋಡಿ ತುಂಡು ಮಾಡಿ ನೆಡುತ್ತೇವಲ್ಲ, ಗದ್ದೆ ತುಂಬಾ ಬರೋದು ಆ ಒಂದು ಕಬ್ಬಿನ ಅಚ್ಚೇ. ಅದಕ್ಕಿಂತ ಒಳ್ಳೆ ಕ್ಲೋನ್ ಬೇಕಾ? ‘ಒಂಟಿಕಡ್ಡಿ’ ಅನ್ನಿ. ‘ಪತಿ’ ಅಂದರೆ ಬೇನೆ. ‘ಒಂಟಿಕಡ್ಡಿ ಬೇನೆ’. ಮುಗೀತು.

ಪ್ರೋಟೀನ್‌ಗೆ ‘ಸಸಾರಜನಕ’ ಅಂತ ನಾವು ಶಾಲೆಯಲ್ಲೇ ಕಲಿತಿದ್ದೇವೆ. ಇದ್ದ ಪದ ಬಿಟ್ಟು ಸಾಲಕ್ಕೆ ಯಾಕೆ ಹೋಗುತ್ತೀರಿ?

ವಿಜಯ್, ಮೈಸೂರು

ಇಷ್ಟೆಲ್ಲ ಸುತ್ತಿ ಬಳಸೋದು ಬೇಡ. ಎಂ ಪ್ರೋಟೀನ್‌ನ ‘ಎಂ’ ಅಂದರೆ ಮೈಲೋಮಾ. ಅದು ಮೂಳೆಮಜ್ಜೆಯ ಕ್ಯಾನ್ಸರ್. ‘ಕ್ಯಾನ್ಸರ್‌ಗೆ ಮುಂಚಿನ ಹಂತ’ ಅಂತ ನೇರವಾಗಿ ಬರೆಯಿರಿ, ಜನ ತಾವೇ ಬರುತ್ತಾರೆ. ಹೆದರಿಕೆ ಇದ್ದರೇ ನಮ್ಮವರು ಆಸ್ಪತ್ರೆ ಕಡೆ ಮುಖ ಹಾಕೋದು.

ನಾಗರತ್ನ, ಮದ್ದೂರು

ಪದದ ವಿಚಾರ ನನಗೆ ತಿಳಿಯದು, ಕ್ಷಮಿಸಿ. ನಮ್ಮ ಯಜಮಾನರಿಗೆ ಇದೇ ಆಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ಅವರಿಗೆ 64. ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದೆವು. ಒಟ್ಟು ಪ್ರೋಟೀನ್ 8.4, ಆಲ್ಬುಮಿನ್ 4.2 ಬಂತು. ಉಳಿದ ಭಾಗ ಜಾಸ್ತಿ ಇದೆ ಅಂತ ಇನ್ನೊಂದು ಪರೀಕ್ಷೆ ಬರೆದುಕೊಟ್ಟರು. ಅದರಲ್ಲಿ ಎಂ ಪ್ರೋಟೀನ್ 1.1 ಅಂತ ಇದೆ. ಕೆಳಗೆ ‘ಐಜಿಜಿ ಕಪ್ಪಾ’ ಅಂತಲೂ ಇದೆ. ಎಂ ಅಂತ ಹೇಳಿ ಜಿ ಅಂತ ಯಾಕೆ ಬರೆದಿದ್ದಾರೆ? ರಿಪೋರ್ಟೇ ತಪ್ಪಾ?

ಪ್ರೋಟೀನ್ ಜಾಸ್ತಿ ಅಂತ ಕೇಳಿದ ದಿನದಿಂದ ಅವರು ಬೇಳೆ, ಮೊಟ್ಟೆ, ಅವರೆಕಾಳು ಎಲ್ಲ ಬಿಟ್ಟಿದ್ದಾರೆ. ಮುದ್ದೆಗೆ ಬರೀ ಸೊಪ್ಪಿನ ನೀರು. ಎರಡು ತಿಂಗಳಲ್ಲಿ ಇಳಿದು ಹೋಗಿದ್ದಾರೆ. ಪುಟ್ಟಸ್ವಾಮಿಯವರು ಹೇಳಿದ ಸಸಾರಜನಕ ಇದೇನಾ? ಯಾವುದರಲ್ಲಿ ಕಡಿಮೆ ಇರುತ್ತೆ?

ಡಾ. ಶಾಂತಲಾ, ಮೈಸೂರು

ನಾಗರತ್ನಮ್ಮ, ಮೊದಲು ನಿಮಗೆ. ಇವತ್ತು ರಾತ್ರಿಯೇ ಅವರಿಗೆ ಬೇಳೆ ಸಾರು ಬಡಿಸಿ. ಈ ಪ್ರೋಟೀನ್ ಊಟದಿಂದ ಬಂದದ್ದಲ್ಲ, ಊಟ ಬಿಟ್ಟರೆ ಇಳಿಯೋದೂ ಇಲ್ಲ. ಮೂಳೆಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳು ಅಂತ ಇರುತ್ತವೆ. ಸೋಂಕಿನ ಜೊತೆ ಹೋರಾಡುವ ಪ್ರತಿಕಾಯ ತಯಾರಿಸೋದು ಅವುಗಳ ಕೆಲಸ. ಅವುಗಳಲ್ಲಿ ಒಂದು ಕಣ ತನ್ನದೇ ಅಚ್ಚಿನ ಸಂತಾನ ಬೆಳೆಸಿಕೊಂಡು, ಒಂದೇ ಪ್ರತಿಕಾಯವನ್ನು ಸುಮ್ನೆ ಸುರಿಯುತ್ತಾ ಕೂತಿದೆ. ಅಷ್ಟೇ. ಆದರೆ ಊಟ ಕಡಿಮೆ ಮಾಡಿದ್ದಕ್ಕೇ ತೂಕ ಇಳಿಯಿತಾ ಅಂತ ನಿಮ್ಮ ಡಾಕ್ಟರಿಗೆ ಒಮ್ಮೆ ಹೇಳಿ.

ರಿಪೋರ್ಟ್ ತಪ್ಪಿಲ್ಲ. ಐಜಿಜಿ, ಐಜಿಎಂ ಅನ್ನೋವು ಪ್ರತಿಕಾಯದ ಜಾತಿಗಳು. ಎಂ ಪ್ರೋಟೀನ್‌ನ ಎಂ ಬೇರೆ, ಐಜಿಎಂನ ಎಂ ಬೇರೆ. ಈ ಗೊಂದಲ ನಮ್ಮ ಪಿಜಿ ಹುಡುಗರಿಗೂ ಆಗುತ್ತೆ. ನಿಮ್ಮವರ ಎಂ ಪ್ರೋಟೀನ್ ಐಜಿಜಿ ಜಾತಿಯದು. ವಿಜಯ್ ಹೇಳಿದ್ದು ಅರ್ಧ ಸರಿ. ಹಿಂದೆ ಎಂ ಅಂದರೆ ಮೈಲೋಮಾ ಅಂತಲೂ ಓದುತ್ತಿದ್ದರು. ಈಗ ಮಾನೊಕ್ಲೋನಲ್ ಅಂತಲೇ ಓದುತ್ತೇವೆ, ಯಾಕೆಂದರೆ ಈ ಪ್ರೋಟೀನ್ ಇರುವ ಬಹಳ ಮಂದಿಗೆ ಮೈಲೋಮಾ ಬರೋದೇ ಇಲ್ಲ. 50 ದಾಟಿದವರಲ್ಲಿ ನೂರಕ್ಕೆ ಸುಮಾರು ಮೂರು ಜನರಲ್ಲಿ ಇದು ಇರುತ್ತೆ ಅಂತ ಅಮೆರಿಕದ ಒಂದು ಜಿಲ್ಲೆಯಲ್ಲಿ ಎಣಿಸಿದ್ದಾರೆ. ಅಷ್ಟು ಜನಕ್ಕೂ ‘ಕ್ಯಾನ್ಸರ್’ ಅಂತ ಅಚ್ಚು ಹಾಕಿದ ಕಾರ್ಡ್ ಕೊಡೋಕೆ ನಾನಂತೂ ಒಪ್ಪಲ್ಲ.

ಗ್ಯಾಮಾ ಅನ್ನೋದು ರೋಗದ ಹೆಸರಲ್ಲ, ಜಾಗದ ಹೆಸರು. ರಕ್ತದ ಸೀರಂಗೆ ವಿದ್ಯುತ್ ಹಾಯಿಸಿ ಪ್ರೋಟೀನುಗಳನ್ನು ಓಡಿಸಿದಾಗ, ಕೊನೆಯಲ್ಲಿ ಉಳಿಯುವ ಸಾಲಿಗೆ ಗ್ಯಾಮಾ ಅಂತ ಹೆಸರಿಟ್ಟರು. ನೂರಾರು ಬಗೆಯ ಪ್ರತಿಕಾಯ ಅಲ್ಲಿ ಬೆರೆತಿರುವುದರಿಂದ ಗೆರೆ ಚಾಮುಂಡಿ ಬೆಟ್ಟದ ಹಾಗೆ ಅಗಲವಾಗಿ ಏರಿ ಇಳಿಯುತ್ತೆ. ಇವರಲ್ಲಿ ಆ ಬೆಟ್ಟದ ಮೇಲೆ ಒಂದು ಗೋಪುರ ಎದ್ದಿರುತ್ತೆ. ಅದೇ ಎಂ ಪ್ರೋಟೀನ್.

ಸುಮಾ, ಈಗ ನಿಮ್ಮ ‘ಅನಿಶ್ಚಿತ’ಕ್ಕೆ ಬರುತ್ತೇನೆ. ಹಿಂದೆ ಇದಕ್ಕೆ ‘ನಿರಪಾಯದ’ ಅಂತಲೇ ಹೆಸರಿತ್ತು. ಅದನ್ನು ಬಿಡಿಸಿ ಈಗಿನ ಹೆಸರು ತಂದವರು ಮೇಯೋ ಕ್ಲಿನಿಕ್‌ನ ರಾಬರ್ಟ್ ಕೈಲ್, 1978ರಲ್ಲಿ. ಇಂಥವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಕೆಲವರಿಗೆ ಮೈಲೋಮಾ ಬಂತು, ಹೆಚ್ಚಿನವರು ಹಾಗೇ ಇದ್ದರು. ಯಾರಿಗೆ ಬರುತ್ತೆ ಅಂತ ಮೊದಲ ದಿನ ಹೇಳೋಕೆ ಆಗಲಿಲ್ಲ. ಹಾಗಾಗಿ ‘ನಿರಪಾಯ’ ಹೋಯಿತು. ಮಹತ್ವ ಕಡಿಮೆ ಅಂತಲ್ಲ, ತೀರ್ಪು ಇನ್ನೂ ಬಂದಿಲ್ಲ ಅಂತ ಅದರ ಅರ್ಥ. ಕನ್ನಡದಲ್ಲಿ ತಪ್ಪಿ ಹೋಗುತ್ತಿರೋದು ಇದೇ.

ಇದು ಪದದ ಜಗಳ ಮಾತ್ರ ಅಲ್ಲ. ಒಬ್ಬರ ಕಥೆ ಹೇಳುತ್ತೇನೆ. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಅವರಿಗೆ ಇದೇ ಪ್ರೋಟೀನ್ ಸಿಕ್ಕಿತ್ತು. ಚೀಟಿಯಲ್ಲಿ ‘ನಿರಪಾಯಕಾರಿ’ ಅಂತ ಬರೆದು ಕಳಿಸಿದ್ದರು. ಏಳು ವರ್ಷ ಅವರು ಎಲ್ಲೂ ತೋರಿಸಲಿಲ್ಲ. ಆಮೇಲೆ ಸೊಂಟ ನೋವು ಶುರುವಾಯಿತು. ಟ್ರ್ಯಾಕ್ಟರ್ ಓಡಿಸಿದ್ದಕ್ಕೆ ಅಂದುಕೊಂಡು ನಾಲ್ಕು ತಿಂಗಳು ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ನುಂಗಿದರು. ನನ್ನ ಹತ್ತಿರ ಬಂದಾಗ ಬೆನ್ನೆಲುಬಿನ ಒಂದು ಮೂಳೆ ಕುಸಿದಿತ್ತು, ಹಿಮೋಗ್ಲೋಬಿನ್ 8, ಕ್ರಿಯಾಟಿನಿನ್ 3 ದಾಟಿತ್ತು. ಮೂತ್ರಪಿಂಡಕ್ಕೆ ಮೈಲೋಮಾದ ಪ್ರೋಟೀನೂ ಏಟು ಕೊಟ್ಟಿತ್ತು, ಮಾತ್ರೆಯೂ ಏಟು ಕೊಟ್ಟಿತ್ತು. ಮಧ್ಯೆ ರಕ್ತ ನೋಡಿಸಿಕೊಂಡಿದ್ದರೆ ಮೂಳೆ ಮುರಿಯುವ ಮುಂಚೆಯೇ ಸಿಗುವ ಸಾಧ್ಯತೆ ಇತ್ತು.

ಪುಟ್ಟಸ್ವಾಮಿ, ಮಂಡ್ಯ

ಡಾಕ್ಟರ್ ಹೇಳಿದ್ದು ಒಪ್ಪಿದೆ, ‘ಬೇನೆ’ ವಾಪಸ್ ತಗೊಂಡಿದ್ದೇನೆ. ‘ಒಂಟಿಕಡ್ಡಿ’ ಮಾತ್ರ ಬಿಡಲ್ಲ. ‘ಅನಿಶ್ಚಿತ’ಕ್ಕಿಂತ ‘ಅನಿರ್ಣೀತ’ ವಾಸಿ, ಆದರೆ ಅದೂ ಸಂಸ್ಕೃತದ ಕಟ್ಟೇ. ‘ಗೊತ್ತಾಗದ’ ಸಾಕು.

ವಿಜಯ್, ಮೈಸೂರು

‘ಗೊತ್ತಾಗದ ಒಂಟಿಕಡ್ಡಿ ಸಸಾರಜನಕ’. ಊದುಬತ್ತಿ ಕಂಪನಿ ಬೋರ್ಡ್ ಇದ್ದಂಗಿದೆ ಮೇಷ್ಟ್ರೇ.

ಡಾಕ್ಟರ್ ಮೇಡಂ, ನನಗೊಂದು ಅರ್ಥ ಆಗಲಿಲ್ಲ. ಐದು ವರ್ಷ ಏನೂ ಆಗಿಲ್ಲ ಅಂದರೆ ಪಾರಾದ ಹಾಗೇ ಅಲ್ವಾ? ಬಹಳ ಕ್ಯಾನ್ಸರ್‌ಗೆ ಹಾಗೇ ಹೇಳುತ್ತಾರೆ.

ಡಾ. ಶಾಂತಲಾ, ಮೈಸೂರು

ಇಲ್ಲಿ ಆ ಲೆಕ್ಕ ನಡೆಯಲ್ಲ, ಕಾರ್ಡ್ ಬೇಕಾಗಿರೋದೇ ಅದಕ್ಕೆ. ಎಲ್ಲರನ್ನೂ ಒಟ್ಟಿಗೆ ತಗೊಂಡರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಅದು ಮೈಲೋಮಾ ಅಥವಾ ಅದರ ನಂಟಿನ ಕಾಯಿಲೆಯಾಗಿ ತಿರುಗುತ್ತೆ. ಹತ್ತು ವರ್ಷ ಸುಮ್ಮನಿದ್ದವರಿಗೆ ಹನ್ನೊಂದನೇ ವರ್ಷವೂ ಆ ಒಂದು ಹಾಗೇ ಇರುತ್ತೆ. ಸವೆಯಲ್ಲ.

ಆದರೆ ಎಲ್ಲರಿಗೂ ಸಮ ಅಲ್ಲ. ನಾಗರತ್ನಮ್ಮನ ಯಜಮಾನರನ್ನೇ ನೋಡಿ. ಪ್ರೋಟೀನ್ 1.1, ಅಂದರೆ ಒಂದೂವರೆಗಿಂತ ಕಡಿಮೆ. ಜಾತಿ ಐಜಿಜಿ, ಅದು ಉಳಿದವಕ್ಕಿಂತ ಸೌಮ್ಯ. ಫ್ರೀ ಲೈಟ್ ಚೈನ್ ಅಂತ ಇನ್ನೊಂದು ಪರೀಕ್ಷೆ ಇದೆ. ಅದರ ಅನುಪಾತವೂ ಸರಿ ಬಂದರೆ, 20 ವರ್ಷದಲ್ಲಿ ಅದು ತಿರುಗುವ ಸಾಧ್ಯತೆ ನೂರಕ್ಕೆ ಐದು. ಮೂರೂ ಕೆಟ್ಟಿದ್ದರೆ ಅದೇ 58. ಅವರಿಗೆ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಕ್ಯಾಲ್ಸಿಯಂ ಸರಿ ಇದ್ದರೆ ಮಜ್ಜೆಗೆ ಸೂಜಿ ಹಾಕಿಸುವ ಅವಸರ ಸಾಮಾನ್ಯವಾಗಿ ಇರಲ್ಲ. ಆರು ತಿಂಗಳಿಗೆ ಒಮ್ಮೆ ನೋಡಿ, ಪ್ರೋಟೀನ್ ಏರಿಲ್ಲ ಅಂದರೆ ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಉಳಿದವರನ್ನು ವರ್ಷಕ್ಕೊಮ್ಮೆ ಕರೆಯುತ್ತೇವೆ. ಆದಷ್ಟೂ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ಇಲ್ಲದಿದ್ದರೆ ಏರಿದ್ದು ಪ್ರೋಟೀನೋ, ಮೆಷಿನ್ನಿನ ವ್ಯತ್ಯಾಸವೋ ಗೊತ್ತಾಗಲ್ಲ.

ತೀರಾ ಕಡಿಮೆ ಅಪಾಯದವರನ್ನು ಹೀಗೆ ಕರೆಸುತ್ತಾ ಇರಬೇಕಾ, ತೊಂದರೆ ಕಂಡಾಗ ಬಂದರೆ ಸಾಲದಾ ಅಂತ ನಮ್ಮಲ್ಲೇ ಎರಡು ಮಾತಿದೆ. ನಾನು ಕರೆಸುವ ಪಕ್ಷ.

ಸುಮಾ, ಮೈಸೂರು

‘ತೀರ್ಪು ಇನ್ನೂ ಬಂದಿಲ್ಲ’ ಅಂದಿರಲ್ಲ, ಅಲ್ಲಿ ನನಗೆ ಒಂದು ಹೊಳೆಯಿತು. ಮಂಡ್ಯದಲ್ಲಿ ಜಮೀನಿನ ಕೇಸ್ ಇಲ್ಲದ ಮನೆ ಎಷ್ಟಿವೆ? ಕೋರ್ಟಲ್ಲಿ ‘ವಾಯಿದೆ’ ಬಿತ್ತು ಅಂದರೆ ಎಲ್ಲರಿಗೂ ಗೊತ್ತು. ಕೇಸ್ ಗೆದ್ದೂ ಇಲ್ಲ, ಸೋತೂ ಇಲ್ಲ, ಆದರೆ ಆ ದಿನ ಹೋಗಲೇಬೇಕು. ‘ವಾಯಿದೆಯಲ್ಲಿರುವ ಎಂ ಪ್ರೋಟೀನ್’ ಅಂದರೆ?

ಪುಟ್ಟಸ್ವಾಮಿ, ಮಂಡ್ಯ

ವಾಯಿದೆ ಅರಬ್ಬಿ. ಬೇಡ.

ವಿಜಯ್, ಮೈಸೂರು

ಜಮೀನು, ಖಾತೆ, ಕಚೇರಿ, ಅರ್ಜಿ ಎಲ್ಲ ಯಾವ ಗದ್ದೆಯಲ್ಲಿ ಬೆಳೆದವು ಮೇಷ್ಟ್ರೇ? ಇವನ್ನೆಲ್ಲ ಬಿಟ್ಟು ತಾಲ್ಲೂಕು ಆಫೀಸಲ್ಲಿ ಒಂದು ದಿನ ಮಾತಾಡಿ ನೋಡೋಣ. ಹಾಂ, ತಾಲ್ಲೂಕೂ ಅರಬ್ಬೀನೇ.

ಪುಟ್ಟಸ್ವಾಮಿ, ಮಂಡ್ಯ

ಬಂದು ಬೇರು ಬಿಟ್ಟದ್ದು ಬೇರೆ, ನಾವಾಗಿ ಹೊಸದಾಗಿ ಕರೆದು ಕೂರಿಸೋದು ಬೇರೆ. ಇಷ್ಟು ತಿಳಿಯದವರ ಜೊತೆ ನನಗೆ ಚರ್ಚೆ ಇಲ್ಲ.

ಡಾ. ಶಾಂತಲಾ, ಮೈಸೂರು

ನನಗೆ ವಾಯಿದೆ ಇಷ್ಟವಾಯಿತು, ಆದರೆ ಹೆಸರಿನ ಜಾಗದಲ್ಲಿ ಬೇಡ. ಕೋರ್ಟು ಅಂದರೆ ಏನೋ ತಪ್ಪು ಮಾಡಿದ್ದೇವೆ ಅಂತ ಕೆಲವರು ಕೊರಗುತ್ತಾರೆ. ಎಂ.ಜಿ.ಯು.ಎಸ್. ಅನ್ನೋದನ್ನು ಹಾಗೇ ಉಳಿಸಿ. ನಾಳೆ ಬೇರೆ ಡಾಕ್ಟರ್ ಕಾರ್ಡ್ ನೋಡಿದರೆ ಅವರಿಗೂ ತಿಳಿಯಬೇಕಲ್ಲ.

ಸುಮಾ, ಮೈಸೂರು

ಅಚ್ಚಿಗೆ ಹೋಗೋದು ಹೀಗೆ:

“ನಿಮ್ಮ ರಕ್ತದಲ್ಲಿ ಎಂ ಪ್ರೋಟೀನ್ ಸ್ವಲ್ಪ ಇದೆ (ಎಂ.ಜಿ.ಯು.ಎಸ್.). ಇದು ಊಟದ ಪ್ರೋಟೀನ್ ಅಲ್ಲ, ಪಥ್ಯ ಬೇಡ. ಈಗ ಇದರಿಂದ ತೊಂದರೆ ಇಲ್ಲ. ಮುಂದೆ ಹೇಗಿರುತ್ತೆ ಅಂತ ಇವತ್ತೇ ಹೇಳೋಕೆ ಆಗಲ್ಲ. ಆರಾಮವಾಗಿದ್ದರೂ ಕೆಳಗೆ ಬರೆದ ದಿನ ಬನ್ನಿ. ಬಿಡದ ಬೆನ್ನು ನೋವು, ಕಾರಣ ಇಲ್ಲದ ಸುಸ್ತು, ನೊರೆ ಮೂತ್ರ, ಕಾಲು ಜೋಮು ಇದ್ದರೆ ಆ ದಿನಕ್ಕೆ ಕಾಯಬೇಡಿ. ಯಾವ ಡಾಕ್ಟರ ಹತ್ತಿರ ಹೋದರೂ ಈ ಕಾರ್ಡ್ ತೋರಿಸಿ.”

ಇವತ್ತು ಬೆಳಗ್ಗೆ ಬೂತ್‌ನವರಿಗೆ ಓದಲು ಕೊಟ್ಟೆ. “ಸರಿ, ದಿನಾಂಕ ಎಲ್ಲಿ?” ಅಂದರು. ಆ ಖಾಲಿ ಗೆರೆಯನ್ನು ದಪ್ಪ ಮಾಡಿಸಿದ್ದೇನೆ.

ನಾಗರತ್ನ, ಮದ್ದೂರು

ನಿನ್ನೆ ಅವರೆಕಾಳು ಸಾರು ಮಾಡಿದೆ. ಎರಡು ಸಲ ಹಾಕಿಸಿಕೊಂಡರು. ಆ ಲೈಟ್ ಚೈನ್ ಪರೀಕ್ಷೆ ನಮ್ಮ ರಿಪೋರ್ಟಲ್ಲಿ ಇಲ್ಲ, ಸೋಮವಾರ ಹೋಗಿ ಕೇಳುತ್ತೇವೆ.

ಪುಟ್ಟಸ್ವಾಮಿ, ಮಂಡ್ಯ

‘ಕಾರ್ಡ್’ಗೆ ‘ಚೀಟಿ’ ಅಂತ ಇದೆ. ಅದನ್ನಾದರೂ ಹಾಕಬಹುದಿತ್ತು.