ಎರಡು ಬೆರಳಷ್ಟು ಗಾಜು ಇಳಿಸಿದರೆ ಸಾಕೇ?

ಪ್ರಶ್ನೆ (ಗೃಹಿಣಿ, ತುಮಕೂರು): ಮಗಳಿಗೆ ಎರಡು ವರ್ಷ. ಎಂ.ಜಿ. ರಸ್ತೆಗೆ ಹೊರಟರೆ ಕಾರಿನಲ್ಲೇ ನಿದ್ದೆ ಹೋಗುತ್ತಾಳೆ. ‘ಈಗ ತಾನೇ ಎ.ಸಿ. ಆರಿಸಿದ್ದೇನೆ, ಗಾಜು ಎರಡು ಬೆರಳು ಇಳಿಸಿದರೆ ಸಾಕು, ಹತ್ತು ನಿಮಿಷದಲ್ಲಿ ಬಂದುಬಿಡೋಣ’ ಎನ್ನುತ್ತಾರೆ ಮನೆಯವರು. ಸರಿಯೇ ಡಾಕ್ಟರೇ?

ಕಾರು ಮೆಕ್ಯಾನಿಕ್: ಪೂರ್ತಿ ಮುಚ್ಚಿದರೆ ಉಸಿರುಗಟ್ಟುತ್ತದೆ, ಅಪಾಯ ಅದೇ. ಸ್ವಲ್ಪ ಇಳಿಸಿದರೆ ಗಾಳಿ ಆಡುತ್ತದೆ. ಡ್ಯಾಶ್‌ಬೋರ್ಡ್ ಮಾತ್ರ ಕೈ ಇಡಲಾಗದಷ್ಟು ಕಾಯುತ್ತದೆ.

ಮಕ್ಕಳ ವೈದ್ಯೆ: ಡ್ಯಾಶ್‌ಬೋರ್ಡ್ ಮಾತು ನಿಜ, ತೊಂದರೆಯ ಮೂಲವೂ ಅದೇ. ಆದರೆ ಮಗುವಿನ ಪ್ರಾಣಕ್ಕೆ ಕುತ್ತು ತರುವುದು ಉಸಿರುಗಟ್ಟುವಿಕೆಗಿಂತ ಮೊದಲು ಶಾಖ. ಗಾಜಿನ ಮೂಲಕ ಬಂದ ಬಿಸಿಲು ಡ್ಯಾಶ್‌ಬೋರ್ಡ್, ಸೀಟುಗಳನ್ನು ಕಾಯಿಸುತ್ತದೆ, ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಆ ಗಾಳಿ ಎರಡು ಬೆರಳ ಸಂದಿನಲ್ಲಿ ಹೊರಹೋಗುವುದು ಅಷ್ಟಕ್ಕಷ್ಟೇ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಳತೆಗಳಲ್ಲಿ, ಗಾಜನ್ನು ಸುಮಾರು ನಾಲ್ಕು ಸೆಂಟಿಮೀಟರ್ ಇಳಿಸಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಎ.ಸಿ. ಹಾಕಿ ತಂಪು ಮಾಡಿದ್ದ ಕಾರೂ ಕೆಲವೇ ನಿಮಿಷ ತಡವಾಗಿ ಅಷ್ಟೇ ಬಿಸಿಯಾಯಿತು.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳಿ. ಹೊರಗೆ 34 ಡಿಗ್ರಿ ಇದ್ದರೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಹತ್ತಿರ ಹತ್ತಿರ 44. ಔಷಧಿ ಅಂಗಡಿಯಲ್ಲಿ ನಾಲ್ಕು ಜನ ಮುಂದಿದ್ದು ಅರ್ಧ ಗಂಟೆಯಾದರೆ 50 ದಾಟುತ್ತದೆ. ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಮೈಶಾಖ 40 ಮುಟ್ಟಿದರೆ ಮಿದುಳಿಗೇ ಪೆಟ್ಟು. ನಿದ್ದೆಯಲ್ಲಿರುವ ಮಗು ಅಳುವುದೂ ಇಲ್ಲ. ಎತ್ತಿಕೊಂಡೇ ಹೋಗಿ, ಇಲ್ಲವೇ ಒಬ್ಬರು ಅವಳೊಂದಿಗೆ ಹೊರಗೆ ನೆರಳಿನಲ್ಲಿ ನಿಲ್ಲಿ.

ಮತ್ತೊಬ್ಬ ಸದಸ್ಯರು, ಶಿರಾ: ನಮ್ಮದು ಬಿಳಿ ಕಾರು, ಹುಣಸೆಮರದ ಕೆಳಗೇ ನಿಲ್ಲಿಸುತ್ತೇನೆ. ಒಳಗೆ ಪಗ್ ನಾಯಿ ಇರುತ್ತದೆ. ಸೀಟಿನ ಬಣ್ಣ ಮಾಸದಿರಲು ಯಾವ ಪರದೆ ಒಳ್ಳೆಯದು?

ಪಶುವೈದ್ಯ: ಸೀಟಿನ ಮಾತು ಆಮೇಲೆ ಸ್ವಾಮಿ, ಮೊದಲು ನಾಯಿಯನ್ನು ಇಳಿಸಿ. ನೆರಳು ಸರಿದುಹೋಗುತ್ತದೆ. ನಾಯಿಗೆ ಮೈಬೆವರಿನ ಆಸರೆ ಇಲ್ಲ, ಏದುಸಿರೇ ಅದರ ತಂಪು. ಸುತ್ತಲಿನ ಗಾಳಿ ಕಾದಿದ್ದರೆ ಅದೂ ಕೈಕೊಡುತ್ತದೆ. ಮೂತಿ ಚಪ್ಪಟೆಯಾದ ಪಗ್‌ಗೆ ಇನ್ನೂ ಕಷ್ಟ. ಜೊಲ್ಲು ಸುರಿಸುತ್ತ ತೂರಾಡಿದರೆ ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ತನ್ನಿ.

ಪ್ರಶ್ನೆ ಕೇಳಿದವರು: ಎಂಜಿನ್ ನಿಲ್ಲಿಸದೆ ಎ.ಸಿ. ಓಡುತ್ತಿದ್ದರೆ?

ಮೆಕ್ಯಾನಿಕ್: ಹೊಸ ಗಾಡಿಗಳಲ್ಲಿ ಭಯವಿಲ್ಲ.

ಮಕ್ಕಳ ವೈದ್ಯೆ: ನಾನು ಒಪ್ಪುವುದಿಲ್ಲ. ಎಂಜಿನ್ ನಿಂತರೆ ನಿಮಗೆ ತಿಳಿಯುವುದು ಹೇಗೆ? ಮಗು ಒಳಗಿನಿಂದ ಲಾಕ್ ಒತ್ತಿಬಿಟ್ಟರೆ? ಬೇರೆಯವರ ಕಾರಿನಲ್ಲಿ ಮಗು ಸಪ್ಪಗೆ ಬಿದ್ದಿರುವುದು ಕಂಡು ಬಾಗಿಲು ತೆರೆಯದಿದ್ದರೆ, 112ಕ್ಕೆ ಕರೆ ಮಾಡಿ ಮಗುವಿನಿಂದ ದೂರದ ಕಿಟಕಿಯ ಗಾಜು ಒಡೆಯಿರಿ. ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಬೀಸಿ, 108 ಕರೆಯಿರಿ. ಮಂಪರಿನಲ್ಲಿದ್ದರೆ ಬಾಯಿಗೆ ನೀರು ಹಾಕಬೇಡಿ.