ಸಹಾಯ ಬೇಕು: ನರ್ಸ್‌ಗಳ ProQOL ಅಂಕ ಓದುವುದು

ನಮಸ್ಕಾರ. ಕ್ಯಾನ್ಸರ್ ವಾರ್ಡಿನ ನರ್ಸ್‌ಗಳಿಗೆ, ಆರೈಕೆಯ ಕೆಲಸ ಮನಸ್ಸಿನ ಮೇಲೆ ಮಾಡುವ ಪರಿಣಾಮ ಅಳೆಯುವ ProQOL ಪ್ರಶ್ನಾವಳಿ ಕೊಡುತ್ತಿದ್ದೇವೆ. ಕಳೆದ 30 ದಿನಗಳ ಬಗ್ಗೆ 30 ಹೇಳಿಕೆಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ.

ತಪ್ಪಾಗುವುದು ಬಳಲಿಕೆಯ (ಬರ್ನ್‌ಔಟ್) ಭಾಗದಲ್ಲಿ. ಅಲ್ಲಿನ 10 ಹೇಳಿಕೆಗಳಲ್ಲಿ 1, 4, 15, 17, 29 ಒಳ್ಳೆಯ ಮಾತುಗಳು, ಅವುಗಳ ಅಂಕ ತಿರುಗಿಸಬೇಕು: 4 ಬರೆದಿದ್ದರೆ 2. ಒಬ್ಬರು ಈ ಐದಕ್ಕೂ 4, ಉಳಿದ ಐದಕ್ಕೆ 2 ಹಾಕಿದ್ದಾರೆ ಎನ್ನಿ. ತಿರುಗಿಸಿದರೆ ಮೊತ್ತ 20, ಅಂದರೆ ಕಡಿಮೆ. ಮರೆತರೆ 30, ಮಧ್ಯಮ! ಅದೇ ವ್ಯಕ್ತಿಗೆ ಪರರ ಆಘಾತ ತಗಲಿದ್ದನ್ನು ಅಳೆಯುವ ಭಾಗದಲ್ಲಿ 43 ಬಂದಿದ್ದರೆ ಅದು ಹೆಚ್ಚು (42 ಮತ್ತು ಮೇಲೆ). ಆಗ ಬರೀ ರಜೆ ಕೊಟ್ಟು ಸುಮ್ಮನಾಗುವುದು ಸಾಲದು. ರೋಗಿಯ ನರಳಾಟ ಮನೆಯಲ್ಲೂ ಕಣ್ಣಮುಂದೆ ಬರುತ್ತಿದೆಯೇ, ನಿದ್ದೆ ಕೆಡುತ್ತಿದೆಯೇ ಎಂದು ಕೂತು ಕೇಳಬೇಕು. ಇದು ರೋಗನಿರ್ಣಯವಲ್ಲ, ಮಾತು ಶುರುಮಾಡಲು ಒಂದು ದಾರಿ ಅಷ್ಟೇ.

ನಮಗೆ ಬೇಕಿರುವುದು: ಹೇಳಿಕೆಗಳ ಕನ್ನಡ ಓದಿ ಅರ್ಥ ತಿರುಚಿದೆಯೇ ನೋಡುವ ಇಬ್ಬರು ನರ್ಸ್‌ಗಳು. ಇನ್ನೊಂದು, ಸಾವಾದ ದಿನ ಶಿಫ್ಟ್ ಮುಗಿಯುವ ಮುನ್ನ 15 ನಿಮಿಷ ಮಾತಾಡಲು ಬಿಡುವು ಮಾಡಿಕೊಂಡವರು, ಆಗ ಬೆಡ್ ಯಾರು ನೋಡಿಕೊಂಡರು ಎಂದು ದಯವಿಟ್ಟು ಬರೆಯಿರಿ. ಉತ್ತರಪತ್ರಿಕೆ ಇನ್‌ಚಾರ್ಜ್ ಸಿಸ್ಟರ್ ಕೈಗೆ ಹೋಗಬಾರದು, ಹೋದರೆ ಯಾರೂ ನಿಜ ಬರೆಯುವುದಿಲ್ಲ.