ಸಹಾಯ ಬೇಕು: ದಿಬ್ಬದ ಮೇಲೆ ಕಾರು ಯಾವಾಗ ನೆಲ ಬಿಡುತ್ತೆ?

ನಮಸ್ಕಾರ್ರೀ, ಕೊಪ್ಪಳದಿಂದ ಬರೀತಿದ್ದೀನಿ. ತಂಗಿಯ ಪಿಯುಸಿ ಲೆಕ್ಕ. 1000 ಕೆ.ಜಿ. ಕಾರು 40 ಮೀಟರ್ ತ್ರಿಜ್ಯದ ದುಂಡನೆ ದಿಬ್ಬ ದಾಟಬೇಕು.

ನೆತ್ತಿಯಲ್ಲಿ mg − N = mv²/r. g = 10 ಹಿಡಿದರೆ, 10 ಮೀ/ಸೆ ವೇಗಕ್ಕೆ ನಾರ್ಮಲ್ ಫೋರ್ಸ್ 7500 ನ್ಯೂಟನ್. N ಸೊನ್ನೆಯಾಗೋದು v = √(gr) ಆದಾಗ: 20 ಮೀ/ಸೆ, ಅಂದ್ರೆ ಗಂಟೆಗೆ 72 ಕಿ.ಮೀ. ಭತ್ತ ತುಂಬಿದ ಲಾರಿಗೂ ಇಷ್ಟೇ, ತೂಕ ಲೆಕ್ಕಕ್ಕೇ ಬರಲ್ಲ. ಇಲ್ಲೀತನಕ ಸರಿ.

ತೊಡಕಿರೋದು ಇಳಿಜಾರಲ್ಲಿ. ಅಲ್ಲಿ N = mg cosθ − mv²/r. ಒಂದೇ ಸಮನೆ 18 ಮೀ/ಸೆ ವೇಗದಲ್ಲಿ ಹೋದ್ರೆ cosθ = 0.81 ಆದಾಗ, ನೆತ್ತಿಯಿಂದ ಸುಮಾರು 36° ಆಚೆ, N ಸೊನ್ನೆ. ಅಂದ್ರೆ ನೆತ್ತಿ ಕ್ಷೇಮವಾಗಿ ದಾಟಿದ ಕಾರು ಇಳಿಯುವಾಗ ಹಾರುತ್ತೆ! ಹಂಗಾದ್ರೆ ಹತ್ತುವಾಗಲೂ ನೆತ್ತಿಯಿಂದ 36°ಗಿಂತ ದೂರ ಇರೋವಾಗ ಚಕ್ರ ನೆಲಕ್ಕೆ ಅಂಟಿರಲ್ಲ ಅಲ್ವಾ? ಗೈಡಿನಲ್ಲಿ ನೆತ್ತಿಯ ಉತ್ತರವಷ್ಟೇ ಇದೆ. ತಿಳಿದವರು ಹೇಳ್ರೀ.